ಎರಡು ಜಡೆ, ರಿಬ್ಬನ್ ಮತ್ತು ಹಿಂದೆ ಸರಿಯುವ ಹಣೆಯಂಚು

ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಬೆಳಗ್ಗೆ ಎಣ್ಣೆ ಹಚ್ಚಿ, ನಡುಬೈತಲೆ ತೆಗೆದು, ಎರಡು ಜಡೆ ಹೆಣೆದು, ಮಡಚಿ ರಿಬ್ಬನ್ ಕಟ್ಟುವುದು ನಮ್ಮಲ್ಲಿ ರೂಢಿ. ‘ಬಿಗಿಯಾಗಿ ಕಟ್ಟಿದ್ರೆ ಸಂಜೆವರೆಗೂ ಬಿಚ್ಚಲ್ಲ’ ಅನ್ನೋದು ಅಮ್ಮಂದಿರ ಲೆಕ್ಕ. ಆ ಬಿಗಿಯೇ ವರ್ಷಗಟ್ಟಲೆ ಮುಂದುವರಿದರೆ ಕೂದಲು ಬೇರಿನಿಂದ ಸಡಿಲಾಗುತ್ತದೆ. ಚರ್ಮವೈದ್ಯರು ಇದನ್ನು ಟ್ರಾಕ್ಷನ್ ಅಲೋಪೇಸಿಯಾ ಅನ್ನುತ್ತಾರೆ, ಅಂದರೆ ಎಳೆತದಿಂದ ಕೂದಲು ಉದುರುವುದು. ಜುಟ್ಟನ್ನು ಎತ್ತಿ ಬಿಗಿಯಾಗಿ ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು.

ಮೊದಲು ಪೆಟ್ಟು ಬೀಳುವುದು ಹಣೆಯಂಚಿಗೆ, ಅದರಲ್ಲೂ ಕಿವಿಯ ಮುಂದಿನ ಮತ್ತು ಮೇಲಿನ ಭಾಗಕ್ಕೆ. ಅಲ್ಲಿಯ ಕೂದಲು ಸಣ್ಣ; ಜಡೆಯ ಬುಡಕ್ಕೆ ಸೇರಿಸಲು ಅದನ್ನೇ ಹೆಚ್ಚು ಜಗ್ಗಬೇಕು. ಸತತ ಎಳೆತಕ್ಕೆ ಬೇರಿನ ಸುತ್ತ ಉರಿಯೂತ ಶುರುವಾಗುತ್ತದೆ. ಎಳೆತ ನಿಂತರೆ ಅದು ಶಮನವಾಗಿ ಅದೇ ಬೇರಿನಿಂದ ಕೂದಲು ಮತ್ತೆ ಬರುತ್ತದೆ. ನಿಲ್ಲದಿದ್ದರೆ ನಿಧಾನವಾಗಿ ಬೇರಿನ ಜಾಗದಲ್ಲಿ ಗಾಯದ ಕಲೆಯಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಕೂದಲು ಮತ್ತೆ ಬರುತ್ತದಾ ಎನ್ನುವುದು ಪೂರ್ತಿ ಈ ಎರಡು ಹಂತಗಳ ಮೇಲೆ ನಿಂತಿದೆ.

ಆರಂಭದ ಲಕ್ಷಣಗಳು ಕೂದಲು ತೆಳುವಾಗುವ ಮೊದಲೇ ಕಾಣುತ್ತವೆ. ಜಡೆ ಹಾಕಿದ ಮೇಲೆ ಮಗು ತಲೆನೋವು ಅನ್ನುತ್ತದೆ, ಸಂಜೆ ಬಿಚ್ಚಿದಾಗ ನೆತ್ತಿ ಮುಟ್ಟಿಸಿಕೊಳ್ಳುವುದಿಲ್ಲ. ಜಡೆಯ ಬುಡದಲ್ಲಿ ಚರ್ಮ ಮೇಲೆದ್ದು ಗುಡಾರದಂತೆ ನಿಂತಿರುತ್ತದೆ. ಕೂದಲ ಬುಡಗಳಲ್ಲಿ ಕೆಂಪು ಅಥವಾ ಕೀವಿನ ಸಣ್ಣ ಗುಳ್ಳೆಗಳು ಏಳುತ್ತವೆ. ಇವನ್ನು ಶಾಖದ ಗುಳ್ಳೆ ಅಂದುಕೊಂಡು ಇನ್ನಷ್ಟು ಎಣ್ಣೆ ಬಳಿಯುವವರೇ ಹೆಚ್ಚು. ಇನ್ನೊಂದು ಮೋಸದ ಗುರುತು, ಕೂದಲಿನ ಎಳೆಗೆ ಕೊಳವೆಯಂತೆ ಸುತ್ತಿಕೊಂಡ ಬಿಳಿ ಚೂರುಗಳು. ನೋಡಲು ಹೇನಿನ ಸೀರಿನಂತೆಯೇ. ಉಗುರಿನಲ್ಲಿ ಹಿಡಿದು ಎಳೆಯಿರಿ: ಸೀರು ಅಂಟಿಕೊಂಡೇ ಇರುತ್ತದೆ, ಇದು ಎಳೆಯುದ್ದಕ್ಕೂ ಸಲೀಸಾಗಿ ಜಾರುತ್ತದೆ. ಜಾರಿದರೆ ಹೇನಿನ ಔಷಧ ಬೇಡ, ಜಡೆ ಸಡಿಲಿಸಿ.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಎಂದುಕೊಳ್ಳಿ. ವಾರಕ್ಕೆ ಆರು ದಿನ ಎರಡು ಜಡೆ, ಎರಡು ಸಂಜೆ ಭರತನಾಟ್ಯಕ್ಕೆ ಬಿಗಿ ತುರುಬು, ಕಾರ್ಯಕ್ರಮವಿದ್ದರೆ ಮೇಲೆ ಚೌಲಿ, ಕುಚ್ಚಿನ ಭಾರ. ಎರಡೂ ಕಿವಿಗಳ ಮುಂದೆ ಕೂದಲು ತೆಳುವಾಗಿದೆ, ಆದರೆ ಹಣೆಯ ಕೊನೆಯ ಅಂಚಿನಲ್ಲಿ ಮಾತ್ರ ಮೋಟು ನವಿರು ಕೂದಲಿನ ಸಾಲು ಉಳಿದಿದೆ. ಜಡೆಗೆ ಸಿಗದಷ್ಟು ಗಿಡ್ಡವಾಗಿದ್ದರಿಂದ ಅವು ಎಳೆತ ತಪ್ಪಿಸಿಕೊಂಡಿವೆ. ಈ ಸಾಲು ಎಳೆತದ ದೊಡ್ಡ ಸುಳಿವು. ನಾಣ್ಯದಂತೆ ದುಂಡಗೆ ನುಣ್ಣಗಾದ ಜಾಗವಾಗಲಿ, ಹೊಟ್ಟೆದ್ದು ತುರಿಸುವ ಜಾಗವಾಗಲಿ ಕಂಡರೆ ಅದು ಬೇರೆ ಕಾಯಿಲೆ ಇರಬಹುದು, ವೈದ್ಯರಿಗೇ ತೋರಿಸಬೇಕು.

ಈ ಹುಡುಗಿಗೆ ಮಾಡಬೇಕಾದ್ದು ಇಷ್ಟು. ಎರಡು ಜಡೆಯ ಬದಲು ಕುತ್ತಿಗೆಯ ಹತ್ತಿರ ಶುರುವಾಗುವ ಒಂದೇ ಸಡಿಲ ಜಡೆ. ಜಡೆಯ ಬುಡದಡಿ ಬೆರಳು ಸಲೀಸಾಗಿ ತೂರಬೇಕು. ಹೆಣೆದಾದ ಮೇಲೆ ಹುಬ್ಬು ಮೇಲೆತ್ತಿದಾಗ ಹಣೆಯಂಚಿನಲ್ಲಿ ಜಗ್ಗಿದಂತೆ ಅನ್ನಿಸಿದರೆ ಬಿಚ್ಚಿ ಮತ್ತೆ ಹೆಣೆಯಿರಿ. ಬರಿ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಸಾಕು. ಒದ್ದೆ ಕೂದಲು ಹಿಗ್ಗಿ ಬೇಗ ತುಂಡಾಗುತ್ತದೆ, ಒಣಗಿದ ಮೇಲೆ ಹೆಣೆಯಿರಿ. ಮನೆಗೆ ಬಂದ ಕೂಡಲೇ ಬಿಚ್ಚಿ, ರಾತ್ರಿ ಬಿಗಿ ಜಡೆಯಲ್ಲಿ ಮಲಗಿಸಬೇಡಿ. ನಾಟ್ಯದ ಅಭ್ಯಾಸಕ್ಕೂ ಸಡಿಲ ಜಡೆ ಸಾಕು. ಚೌಲಿ ವೇದಿಕೆಗೆ ಮಾತ್ರ ಇರಲಿ.

ಗುಳ್ಳೆ, ಕೀವು ಇದ್ದರೆ ಚರ್ಮವೈದ್ಯರು ಉರಿಯೂತ ಇಳಿಸುವ ಸ್ಟೀರಾಯ್ಡ್ ದ್ರಾವಣವನ್ನೋ ಆಂಟಿಬಯಾಟಿಕ್ಕನ್ನೋ ಕೊಡಬಹುದು. ದೊಡ್ಡವರಿಗೆ ಕೂದಲು ಬೆಳೆಸುವ ಔಷಧ ಮಿನಾಕ್ಸಿಡಿಲ್ ಕೊಡುವುದುಂಟು. ಮಕ್ಕಳಿಗೆ ಅಂಗಡಿಯಿಂದ ತಂದು ಹಚ್ಚಬೇಡಿ. ಈರುಳ್ಳಿ ರಸ ಉರಿಯುವ ನೆತ್ತಿಯನ್ನು ಇನ್ನಷ್ಟು ಉರಿಸುತ್ತದೆ ಅಷ್ಟೇ. ಎಳೆತ ನಿಲ್ಲದೆ ಯಾವ ಔಷಧವೂ ಹಿಡಿಯುವುದಿಲ್ಲ.

ಎಳೆತ ನಿಂತ ಮೇಲೂ ತಾಳ್ಮೆ ಬೇಕು. ಕೂದಲು ಉದುರಿದ ಬೇರು ಕೆಲವು ತಿಂಗಳು ವಿಶ್ರಾಂತಿಯಲ್ಲಿರುತ್ತದೆ, ಆಮೇಲೆ ಬರುವ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಮೂರರಿಂದ ಆರು ತಿಂಗಳಲ್ಲಿ ಗಿಡ್ಡ ಕೂದಲು ಕಾಣಬೇಕು, ಜಡೆಗೆ ಸಿಗುವಷ್ಟು ಉದ್ದವಾಗಲು ವರ್ಷ ದಾಟುತ್ತದೆ. ಹೊಸ ಕೂದಲಿನ ತುದಿ ಚೂಪಾಗಿರುತ್ತದೆ, ತುಂಡಾದದ್ದರ ತುದಿ ಮೊಂಡಾಗಿರುತ್ತದೆ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಈ ಗಿಡ್ಡ ಕೂದಲು ಹಾರಾಡುತ್ತದೆ ಅಂತ ಮತ್ತೆ ಎಣ್ಣೆ ಹಚ್ಚಿ ಬಿಗಿದರೆ ಎಲ್ಲ ಮೊದಲಿಗೇ ಬಂತು.

ಹತ್ತಿಪ್ಪತ್ತು ವರ್ಷ ಎತ್ತಿ ಬಿಗಿದ ಪೋನಿಟೇಲಿನಿಂದ ಹಣೆ ಹಿಂದೆ ಸರಿದವರ ಕಥೆ ಬೇರೆ. ಚರ್ಮ ನುಣುಪಾಗಿ ಹೊಳೆಯುತ್ತಾ, ಕೂದಲ ರಂಧ್ರಗಳೇ ಕಾಣದಿದ್ದರೆ ಅಲ್ಲಿ ಕೂದಲು ತಾನಾಗಿ ಬರುವುದಿಲ್ಲ. ಉಳಿಯುವ ದಾರಿ ಕೂದಲು ಕಸಿ, ಅದೂ ಬಿಗಿದು ಕಟ್ಟುವುದನ್ನು ಪೂರ್ತಿ ಬಿಟ್ಟ ಮೇಲೆ.

ಶಾಲೆಗಳು ಎರಡು ಜಡೆಯ ನಿಯಮವನ್ನು ಕೈಬಿಡಬೇಕು ಎಂದೇ ನನ್ನ ಅಭಿಪ್ರಾಯ. ಕೂದಲು ಮುಖದ ಮೇಲೆ ಬೀಳಬಾರದು ಅನ್ನುವುದಷ್ಟೇ ಉದ್ದೇಶವಾದರೆ ಸಡಿಲವಾದ ಒಂದು ಜಡೆಯೋ, ಕುತ್ತಿಗೆ ಮಟ್ಟದ ಕ್ರಾಪೋ ಸಾಕು. ನಿಯಮ ಬದಲಾಗುವವರೆಗೆ, ನೆತ್ತಿ ನೋಯುವ ಮಗುವಿಗೆ ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಕ್ಲಾಸ್ ಟೀಚರ್‌ಗೆ ಕೊಡಿ.