"ಚೆನ್ನಾಗೇ ಓಡ್ತಿದೆಯಲ್ಲ ಮಾರಾಯಾ, ಯಾಕೆ ಮುಟ್ಟೋದು?"

ಕಳೆದ ತಿಂಗಳು ಗೆಳೆಯನೊಬ್ಬನ ಆಡಿಟ್ ಆಫೀಸಿಗೆ ಪ್ರಿಂಟರ್ ರಿಪೇರಿಗೆ ಅಂತ ಹೋಗಿದ್ದೆ. ನಾಲ್ಕು ಕಂಪ್ಯೂಟರ್, ನಾಲ್ಕರಲ್ಲೂ ವಿಂಡೋಸ್ 10. ಪರದೆ ಮೇಲೆ ಬೆಂಬಲ ಮುಗಿದಿದೆ ಅನ್ನೋ ಎಚ್ಚರಿಕೆ ಬರ್ತಿತ್ತು. ಹುಡುಗರು ಅದನ್ನ ಸೊಳ್ಳೆ ಓಡಿಸಿದ ಹಾಗೆ ಮುಚ್ಚಿ ಕೆಲಸ ಮುಂದುವರಿಸ್ತಿದ್ರು. ಕೇಳಿದ್ದಕ್ಕೆ ಗೆಳೆಯ ಹೇಳಿದ ಮಾತೇ ಮೇಲಿನ ಶೀರ್ಷಿಕೆ.

ಅವನ ಮಾತಲ್ಲಿ ಸುಳ್ಳೇನೂ ಇಲ್ಲ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗೀತು. ಮಾರನೇ ದಿನ ಬೆಳಿಗ್ಗೆ ಯಾರ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಟ್ಯಾಲಿ ತೆರೀತು, ರಿಟರ್ನ್ ಫೈಲ್ ಆಯ್ತು. ಬೆಂಬಲ ಮುಗಿಯೋದು ಅಂದ್ರೆ ಹಾಲಿನ ಪ್ಯಾಕೆಟ್ ಅವಧಿ ಮುಗಿದ ಹಾಗಲ್ಲ, ಒಳಗೇನೂ ಹುಳಿಯಾಗೋದಿಲ್ಲ. ನಿಮ್ಮ ಕಂಪ್ಯೂಟರ್ ಹೇಗಿತ್ತೋ ಹಾಗೇ ಇರುತ್ತೆ. ತೊಂದರೆ ಇರೋದೇ ಅಲ್ಲಿ, ಅದು ಹಾಗೇ ಇದ್ದುಬಿಡುತ್ತೆ.

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತನ್ನ ತಂತ್ರಾಂಶದಲ್ಲಿ ಸಿಕ್ಕ ತೂತುಗಳಿಗೆ ತೇಪೆ ಬಿಡುಗಡೆ ಮಾಡುತ್ತೆ. ಬೆಂಬಲ ಮುಗಿದದ್ದಕ್ಕೆ ಆ ತೇಪೆ ಬರೋದು ನಿಲ್ಲುತ್ತೆ. ನಮ್ಮ ಪಾಲಿಗೆ ಅದು "ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ" ಅನ್ನೋ ಕಿರಿಕಿರಿ. ಕಳ್ಳರಿಗೆ ಆ ಮಂಗಳವಾರ ಬೇರೆ ಥರದ ದಿನ. ತೇಪೆ ಹಾಕೋ ಮುಂಚಿನ ಫೈಲನ್ನೂ ಹಾಕಿದ ಮೇಲಿನ ಫೈಲನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಬದಲಾಗಿದೆ ಅಂತ ಹುಡುಕ್ತಾರೆ. ಬದಲಾದ ಜಾಗವೇ ತೂತು ಇದ್ದ ಜಾಗ. ಇಷ್ಟು ದಿನ ಕತ್ತಲಲ್ಲಿ ತಡಕಾಡ್ತಿದ್ದವರ ಕೈಗೆ ಕಂಪನಿಯೇ ನಕ್ಷೆ ಕೊಟ್ಟ ಹಾಗೆ.

ಒಬ್ಬನೇ ಮೇಸ್ತ್ರಿ ಒಂದೇ ಥರ ಕಟ್ಟಿದ ಎರಡು ಮನೆ ಅಂದ್ಕೊಳ್ಳಿ. ಮೊದಲನೇ ಮನೆಯ ಹಿಂಬಾಗಿಲ ಚಿಲಕ ಸಡಿಲ ಅಂತ ಗೊತ್ತಾಗಿ, ಹಗಲಲ್ಲೇ ಎಲ್ಲರೆದುರು ರಿಪೇರಿ ಆಗುತ್ತೆ. ನೋಡ್ತಿದ್ದವನಿಗೆ ಎರಡನೇ ಮನೆ ಬಗ್ಗೆ ಬೇರೆ ವಿಚಾರಣೆ ಬೇಕಾ? ವಿಂಡೋಸ್ 11 ಹೊಸ ಹೆಸರು, ಆದರೆ ಅದರ ಒಳಗಿನ ಕೋಡಿನಲ್ಲಿ ಬಹಳಷ್ಟು ವಿಂಡೋಸ್ 10ರದ್ದೇ. ಹನ್ನೊಂದಕ್ಕೆ ತೇಪೆ ಬಂದಾಗಲೆಲ್ಲ ಹತ್ತರ ಹಿಂಬಾಗಿಲು ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಆ ಬಾಗಿಲು ಮತ್ತೆ ಮುಚ್ಚೋದೇ ಇಲ್ಲ.

ಇದು ಊಹೆಯ ಮಾತಲ್ಲ. ಬೆಂಬಲ ನಿಂತ ಮೇಲಿನ ಮೊದಲ ಕಂತಿನ ತೇಪೆ ಬಂದದ್ದು ನವೆಂಬರ್ 11ಕ್ಕೆ. ಅದರಲ್ಲಿ ವಿಂಡೋಸಿನ ತಿರುಳಾದ ಕರ್ನೆಲ್‌ನ ಒಂದು ತೂತಿತ್ತು, ನಂಬರ್ CVE-2025-62215. ತೇಪೆ ಬರೋ ಮೊದಲೇ ಅದನ್ನ ದಾಳಿಗೆ ಬಳಸ್ತಿದ್ರು. ಹೇಗೋ ಒಳಗೆ ಸೇರಿದ ಸಾಮಾನ್ಯ ಪ್ರೋಗ್ರಾಂ ಒಂದು ಈ ತೂತಿಂದ ಇಡೀ ಯಂತ್ರದ ಯಜಮಾನನಾಗಬಹುದು. ಒಂದೇ ತಿಂಗಳು, ಅಷ್ಟರಲ್ಲೇ.

"ಆಂಟಿವೈರಸ್ ಇದೆಯಲ್ಲ, ದುಡ್ಡು ಕೊಟ್ಟೇ ಹಾಕ್ಸಿದೀನಿ" ಅಂದ ಗೆಳೆಯ. ಇರಲಿ, ಒಳ್ಳೇದೇ. ವಿಂಡೋಸ್ ಜೊತೆ ಬರೋ ಡಿಫೆಂಡರ್‌ಗೂ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತೆ. ಆದರೆ ಆಂಟಿವೈರಸ್ ಬಾಗಿಲಲ್ಲಿ ಕೂತ ವಾಚ್‌ಮನ್ ಇದ್ದ ಹಾಗೆ. ಕರ್ನೆಲ್ ಅಂದ್ರೆ ಅವನು ನಿಂತಿರೋ ನೆಲ. ಕರ್ನೆಲ್ ಕೈಗೆ ಸಿಕ್ಕವನು ಮೊದಲು ಮಾಡೋ ಕೆಲಸವೇ ವಾಚ್‌ಮನ್‌ನನ್ನ ಮಲಗಿಸೋದು.

ಇಂಥ ಮಾತು ಬಂದಾಗ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ 2017ರ ವಾನಾಕ್ರೈ ದಾಳಿಯ ಕಥೆಯನ್ನ ಎಲ್ಲರೂ ಅರ್ಧ ಹೇಳ್ತಾರೆ. ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಕೊಂಡಿದ್ದವರೆಲ್ಲ ಮುಳುಗಿದ್ರು ಅಂತ. ನಿಜವಾಗಿ ಸೋಂಕು ತಗುಲಿದ್ದರಲ್ಲಿ ಬಹುಪಾಲು ವಿಂಡೋಸ್ 7. ಅದಕ್ಕಿನ್ನೂ ಬೆಂಬಲ ಇತ್ತು, ತೇಪೆ ಮಾರ್ಚ್ 14ಕ್ಕೇ ಬಂದಿತ್ತು. ದಾಳಿ ಶುರುವಾದದ್ದು ಮೇ 12ಕ್ಕೆ. ನಡುವಿನ ಎರಡು ತಿಂಗಳು ಅಪ್‌ಡೇಟ್ ಮಾಡದವರು ಸಿಕ್ಕಿಬಿದ್ರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್ ರದ್ದಾದವು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಕಚೇರಿಯ ಒಂದು ಕಂಪ್ಯೂಟರಿಗೆ ಬಂದ್ರೆ ಸಾಕು, ಫೈಲ್ ಹಂಚಿಕೊಳ್ಳೋ ದಾರಿಯಲ್ಲೇ ಪಕ್ಕದ್ದಕ್ಕೆ ಹಾರ್ತಿತ್ತು. ಬರೀ ಎರಡು ತಿಂಗಳು ತೇಪೆ ಇಲ್ಲದ್ದಕ್ಕೆ ಅಷ್ಟು. ಬೆಂಬಲ ಮುಗಿದ ಯಂತ್ರ ಪ್ರತಿ ತಿಂಗಳೂ ಅದೇ ಸ್ಥಿತಿಯಲ್ಲಿ ಕೂತಿರುತ್ತೆ.

ಮೂರು ವರ್ಷ ಮುಂಚೆ, 2014ರಲ್ಲೇ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೆ ಆ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಕೊಟ್ಟದ್ದೂ ನಿಜ. ಅದನ್ನೇ ನೆಚ್ಚಿ ಕೂರೋರಿದ್ದಾರೆ. ಕೊಟ್ಟದ್ದು ಬೆಂಕಿ ಹತ್ತಿದ ಮರುದಿನ ಅನ್ನೋದನ್ನ ಮರೀತಾರೆ.

ಆಡಿಟ್ ಆಫೀಸು ಅಂದ್ಮೇಲೆ ಅಲ್ಲಿರೋದು ಬರೀ ಅವನ ಫೈಲ್ ಅಲ್ಲ. ನೂರಾರು ಜನರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್. ಸಾಲದ್ದಕ್ಕೆ ಜಿಎಸ್‌ಟಿ ಪಾಸ್‌ವರ್ಡ್‌ಗಳೆಲ್ಲ ಒಂದು ಎಕ್ಸೆಲ್ ಶೀಟ್‌ನಲ್ಲಿ, ಡೆಸ್ಕ್‌ಟಾಪ್ ಮೇಲೇ. (ಇಲ್ಲಿ ನಾನು ಬೈದದ್ದನ್ನ ಬರೆಯೋದಿಲ್ಲ.) ಇದನ್ನ ಹೇಳಿದ ಮೇಲೇ ಅವನು ಕುರ್ಚಿ ಎಳೆದು ಕೂತದ್ದು.

ಒಂದೊಂದಾಗಿ ನೋಡಿದ್ವಿ. ಎರಡರಲ್ಲಿ ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಕನಿಷ್ಠ ಅಷ್ಟಾದ್ರೂ ಇರಬೇಕು, ಜೊತೆಗೆ ಗುಟ್ಟಿನ ಕೀಲಿಗಳನ್ನ ಜೋಪಾನವಾಗಿಡೋ ಟಿಪಿಎಂ 2.0 ಬೇಕು. ಆದರೂ "ಈ ಕಂಪ್ಯೂಟರ್‌ಗೆ ಆಗೋದಿಲ್ಲ" ಅಂತಲೇ ತೋರಿಸ್ತಿತ್ತು. ಸ್ಟಾರ್ಟ್‌ನಲ್ಲಿ tpm.msc ಅಂತ ಒತ್ತಿ ನೋಡಿದ್ರೆ ಟಿಪಿಎಂ ಇಲ್ಲವೇ ಇಲ್ಲ ಅನ್ನುತ್ತೆ. ಕಂಪ್ಯೂಟರ್ ಶುರುವಾಗೋವಾಗಲೇ ತೆರೆಯೋ ಬಯೋಸ್ ಸೆಟ್ಟಿಂಗ್ಸ್‌ಗೆ ಹೋಗಿ Intel PTT ಅನ್ನೋದನ್ನ ಆನ್ ಮಾಡಿದ್ವಿ, ಅಷ್ಟೇ. ಎಎಂಡಿ ಆದ್ರೆ ಅದೇ ಜಾಗದಲ್ಲಿ fTPM ಅಂತಿರುತ್ತೆ. ಎಷ್ಟೋ ಜನ ಇದನ್ನ ನೋಡದೆ ಹೊಸ ಕಂಪ್ಯೂಟರಿಗೆ ದುಡ್ಡು ಸುರಿದಿದ್ದಾರೆ. ಅವೆರಡೂ ಪುಕ್ಕಟೆಯಾಗಿ ಹನ್ನೊಂದಕ್ಕೆ ಹೋದವು.

ಮೂರನೇದು ಆರನೇ ತಲೆಮಾರಿನದ್ದು. ತಪಾಸಣೆ ತಪ್ಪಿಸಿ ಹನ್ನೊಂದು ತುರುಕೋ ಉಪಾಯ ಯೂಟ್ಯೂಬ್ ತುಂಬ ಇದೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡೋದಿಲ್ಲ, ಹಾಗಾಗಿ ಹೊರಟ ಊರಿಗೇ ವಾಪಸ್ ಬಂದ ಹಾಗೆ. ಮನೆ ಬಳಕೆಗಾದ್ರೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ತೇಪೆ ಪಡೆಯೋ ಯೋಜನೆ ಇದೆ. winver ಒತ್ತಿದಾಗ ಆವೃತ್ತಿ 22H2 ಅಂತ ಬರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ Enroll now ಕಾಣುತ್ತೆ. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಪುಕ್ಕಟೆ, ಬೇಡ ಅಂದ್ರೆ 30 ಡಾಲರ್. ಕಚೇರಿಗಳ ಲೆಕ್ಕ ಬೇರೆ, ಮೊದಲ ವರ್ಷಕ್ಕೇ ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಹಳೇ ಯಂತ್ರಕ್ಕೆ ಅಷ್ಟು ಸುರಿಯೋದು ಬೇಡ ಅಂತ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದೆ. ಆ ಕಂಪ್ಯೂಟರಲ್ಲಿ ಕೂರೋ ಹುಡುಗಿಯದ್ದು ಮೇಲ್, ಬ್ರೌಸರ್, ಕನ್ನಡ ಪತ್ರ, ಇಷ್ಟೇ ಕೆಲಸ. ಕಗಪ ಕೀಲಿಮಣೆ ಅದರಲ್ಲೂ ಸಿಗುತ್ತೆ, ಬೆರಳು ಮರುಕಲಿಕೆ ಬೇಕಾಗಲಿಲ್ಲ. ಟ್ಯಾಲಿ ಬೇಕಿದ್ದಿದ್ರೆ ಈ ಮಾತು ಹೇಳ್ತಿರಲಿಲ್ಲ.

ಕೊನೇದರಲ್ಲಿ 2012ರ ಹಿಂದಿನ ಲೆಕ್ಕದ ಸಾಫ್ಟ್‌ವೇರ್ ಇದೆ, ಬೇರೆಲ್ಲೂ ಓಡೋದಿಲ್ಲ. ಅದನ್ನ ಹಾಗೇ ಬಿಟ್ವಿ. ನೆಟ್‌ವರ್ಕ್ ವೈರ್ ಕಿತ್ತು, ವೈಫೈ ತೆಗೆದು. ಪೆನ್‌ಡ್ರೈವ್ ಹಾಕೋ ಹಾಗಿಲ್ಲ ಅಂತ ಗೆಳೆಯ ಒಂದು ಚೀಟಿ ಅಂಟಿಸಿದ. ನನಗೆ ಚೀಟಿ ಮೇಲೆ ನಂಬಿಕೆ ಸಾಲದೆ ಯುಎಸ್‌ಬಿ ಪೋರ್ಟ್‌ಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಂದೆ. ಹೋದ ಕೆಲಸ, ಆ ಪ್ರಿಂಟರು, ಇನ್ನೂ ರಿಪೇರಿ ಆಗಿಲ್ಲ.