ಕಸಾನೂ ವಿಮಾನಕ್ಕೆ ಹಾಕ್ತ್ಯಾ?

ಜನವರಿಯಲ್ಲಿ ಊರಿಗೆ ಬಂದಾಗ ನಮ್ಮ ಮನೆ, ಭಾವನ ಮನೆ ಸೇರಿ ಆರು ಜನ ಕುಮಟಾದ ಹತ್ತಿರ ಕಡಲ ದಂಡೆಯಲ್ಲಿ ಟೆಂಟ್ ಹಾಕಿದ್ದೆವು. ಜಾಗ ಪರಿಚಯದವರ ತೋಟದ್ದು, ಕೇಳಿಯೇ ಹೋಗಿದ್ದು. ಭಾನುವಾರ ಸಂಜೆ ಕಸದ ಚೀಲ ಕಟ್ಟಿ ಡಿಕ್ಕಿಗೆ ಇಡುತ್ತಿದ್ದೆ. ಭಾವ ನೋಡಿದ. "ಎಂತಾ ಭಾವ, ಕಸಾನೂ ವಿಮಾನಕ್ಕೆ ಹಾಕ್ತ್ಯಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅವನ ಲೆಕ್ಕಾಚಾರ ಸುಲಭದ್ದು. ಗಾಳಿಮರದ ಬುಡದಲ್ಲಿ ಒಂದು ಹೊಂಡ, ಒಂದು ಕಡ್ಡಿ ಬೆಂಕಿ, ಮುಗಿಯಿತು.

ನಾನಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆಯೇ ಕ್ಯಾಂಪಿಂಗ್ ಜಾಗಗಳನ್ನು ನೋಡಿಕೊಳ್ಳುತ್ತದೆ. ಎಷ್ಟೋ ಕಡೆ ಒಂದು ಹೊಂಡದ ಪಾಯಖಾನೆ, ಒಂದು ನಲ್ಲಿ ಬಿಟ್ಟರೆ ಏನೂ ಇಲ್ಲ. ಕಸದ ಬುಟ್ಟಿ ಅಂತೂ ಇಲ್ಲವೇ ಇಲ್ಲ. ತಂದವರೇ ಒಯ್ಯಬೇಕು. ಮೊದಲು ನನಗೂ ಇದು ಜಿಪುಣತನ ಅನಿಸಿತ್ತು. ಆಮೇಲೆ ಗೊತ್ತಾಯಿತು, ಬುಟ್ಟಿ ಇಲ್ಲ ಅಂದರೆ ಜನ ಹೊರಡುವ ಮೊದಲೇ ಕಸದ ಬಗ್ಗೆ ಯೋಚಿಸುತ್ತಾರೆ. ನಮ್ಮಲ್ಲಿ ಆ ಯೋಚನೆ ಬರುವುದು ಭಾನುವಾರ ಸಂಜೆ, ಚಾಪೆ ಮಡಚುವಾಗ.

ಅದಕ್ಕೇ ಕ್ಯಾಂಪಿಂಗ್ ಸಾಮಾನಿನ ನನ್ನ ಪಟ್ಟಿ ಟೆಂಟಿನಿಂದ ಶುರುವಾಗುವುದಿಲ್ಲ. ಹಿಂದಿನ ರಾತ್ರಿ ಎಲ್ಲ ಸಾಮಾನನ್ನೂ ಅಡುಗೆಮನೆಯ ನೆಲದಲ್ಲಿ ಹರವುತ್ತೇನೆ. ಒಂದೊಂದನ್ನೇ ಎತ್ತಿ, ಇದರಿಂದ ಕೊನೆಗೆ ಏನು ಉಳಿಯುತ್ತದೆ ಅಂತ ಕೇಳಿಕೊಳ್ಳುತ್ತೇನೆ. ಬಿಸ್ಕೆಟ್ಟಿನ ಕವರು ಮನೆಯಲ್ಲೇ ಹರಿದು, ಬಿಸ್ಕೆಟ್ ಡಬ್ಬಿಗೆ. ಬೇಳೆ, ಸಾರಿನ ಪುಡಿ, ಉಪ್ಪು, ಎಣ್ಣೆ ಬೇಕಾದಷ್ಟೇ ಅಳೆದು ಸಣ್ಣ ಸ್ಟೀಲ್ ಡಬ್ಬಿಗಳಿಗೆ. ತರಕಾರಿ ಮನೆಯಲ್ಲೇ ಹೆಚ್ಚಿ ಇಟ್ಟರೆ ಸಿಪ್ಪೆ ಅಲ್ಲಿ ಬೀಳುವುದೇ ಇಲ್ಲ.

ಈ ಸಲ ಸಿರ್ಸಿಯ ಮನೆಯಲ್ಲಿ ಹೀಗೆ ಕೂತಿದ್ದಾಗ ಭಾವ ಅರ್ಧ ಲೀಟರಿನ ಇಪ್ಪತ್ನಾಲ್ಕು ನೀರಿನ ಬಾಟಲಿಗಳ ಕಟ್ಟು ಹೊತ್ತು ಬಂದ. ಒಟ್ಟು ಹನ್ನೆರಡೇ ಲೀಟರು! ನಮಗೆ ಬೇಕಾದದ್ದು ಅದರ ಮೂರು ಪಟ್ಟು. ಕರಾವಳಿಯ ಸೆಕೆಗೆ ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಇಟ್ಟುಕೊಳ್ಳಬೇಕು. ಆರು ಜನಕ್ಕೆ ಒಂದೂವರೆ ದಿನಕ್ಕೆ ಮೂವತ್ತಾರು ಲೀಟರ್. ಮನೆ ಬಾವಿಯ ನೀರು ತುಂಬಿದ ಇಪ್ಪತ್ತು ಲೀಟರಿನ ಎರಡು ಕ್ಯಾನ್ ಸಾಕು, ಕಸ ಸೊನ್ನೆ. ಪಾತ್ರೆ ತೊಳೆಯಲು ತೋಟದ ಬಾವಿ ಇತ್ತು. ದಂಡೆಯ ಬಾವಿ ಬೇಸಿಗೆ ಬಂದಂತೆ ಉಪ್ಪಾಗಬಹುದು, ಅದನ್ನು ನಂಬಿ ಕುಡಿಯುವ ನೀರು ಬಿಟ್ಟು ಹೋಗಬಾರದು. ಕ್ಯಾನ್ ಇದ್ದರೂ ಬಾಟಲಿ ಕಟ್ಟು ಕಾರು ಹತ್ತಿತು. ಭಾವನ ಮರ್ಯಾದೆ ಪ್ರಶ್ನೆ.

ಟೆಂಟಿಗೆ ಬಂದರೆ, ಮರಳಿನಲ್ಲಿ ಕಬ್ಬಿಣದ ಗೂಟ ನಿಲ್ಲುವುದಿಲ್ಲ. ಕಡಲ ಗಾಳಿ ಎದ್ದರೆ ಕಿತ್ತು ಬರುತ್ತದೆ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳ ಹೂಳಬೇಕು. ಹೊರಡುವಾಗ ಮರಳು ಸುರಿದು ಚೀಲ ಮಡಚಿದರಾಯಿತು. ಅಲೆ ತಂದು ಹಾಕಿದ ಕಸಕಡ್ಡಿಯ ಗೆರೆಗಿಂತ ಎಷ್ಟೋ ಮೇಲೆ ಟೆಂಟ್ ಇರಲಿ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ಇನ್ನೂ ಮೇಲೆ ಬರುತ್ತದೆ. ತೆಂಗಿನ ಮರದ ಕೆಳಗೆ ಬೇಡ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ?

ಅಡುಗೆಗೆ ನ್ಯೂಜಿಲೆಂಡಿನ ಹಾಗೆ ಬಳಸಿ ಎಸೆಯುವ ಸಣ್ಣ ಗ್ಯಾಸ್ ಡಬ್ಬಿ ಹುಡುಕಲಿಲ್ಲ. ಅದೂ ಖಾಲಿಯಾದ ಮೇಲೆ ಕಸವೇ. ಮನೆಯ ಐದು ಕೇಜಿ ಸಿಲಿಂಡರ್, ಮೇಲೊಂದು ಬರ್ನರ್. ಗಾಳಿಗೆ ಮರೆ ಬೇಕು, ಆದರೆ ಒಂದು ಕಡೆ ಮಾತ್ರ. ಸುತ್ತ ಮುಚ್ಚಿದರೆ ಕೆಳಗಿನ ಸಿಲಿಂಡರ್ ಕಾಯುತ್ತದೆ. ಟೆಂಟಿನೊಳಗೆ ಒಲೆ ಹಚ್ಚುವುದಂತೂ ಜೀವಕ್ಕೇ ಅಪಾಯ, ವಿಷಗಾಳಿ ತುಂಬುವುದು ಗೊತ್ತೇ ಆಗುವುದಿಲ್ಲ.

ಬೆಳಕಿನ ವಿಷಯದಲ್ಲಿ ಸೆಲ್ ಬೇಡ, ಚಾರ್ಜ್ ಮಾಡುವ ತಲೆಗೆ ಕಟ್ಟುವ ದೀಪ ಸಾಕು. ಕೆಂಪು ಬೆಳಕು ಇರುವುದನ್ನೇ ಕೊಳ್ಳಿ. ಚಳಿಗಾಲದ ಈ ತಿಂಗಳುಗಳಲ್ಲಿ ಹೊನ್ನಾವರ, ಕಾರವಾರದ ದಂಡೆಗಳಿಗೆ ಕಡಲಾಮೆಗಳು ರಾತ್ರಿ ಮೊಟ್ಟೆ ಇಡಲು ಬರುತ್ತವೆ. ಪ್ರಖರ ಬೆಳಕು ಕಂಡರೆ ತಾಯಾಮೆ ಹಾಗೇ ತಿರುಗಿ ಹೋಗಬಹುದು. ಮರಿಗಳು ಕಡಲು ಬಿಟ್ಟು ದೀಪದ ಕಡೆ ಹರಿಯುತ್ತವೆ. ಭಾವ ತಂದಿದ್ದ ದೊಡ್ಡ ಟಾರ್ಚನ್ನು ಈ ಒಂದು ಕಾರಣಕ್ಕೆ ಅವನೇ ಆಫ್ ಮಾಡಿದ. ಅದು ಅವನಿಗೆ ಗೊತ್ತಿದ್ದ ವಿಷಯ.

ಗೊತ್ತಿಲ್ಲದ್ದು ಹಸಿ ಕಸ. ಬಾಳೆಎಲೆ ತಾನೇ, ಮಣ್ಣಾಗುತ್ತದೆ ಅಂದ. ಆಗುತ್ತದೆ, ಸಾವಕಾಶವಾಗಿ. ಅಷ್ಟರಲ್ಲಿ ಅನ್ನ ಅಂಟಿದ ಎಲೆಗೆ ನಾಯಿ, ಕಾಗೆ, ರಾತ್ರಿ ನರಿ ಬರುತ್ತವೆ. ಅವೇ ಆಮೆಯ ಮೊಟ್ಟೆಯನ್ನೂ ಹುಡುಕುವುದು. ನಾವು ಒಯ್ದಿದ್ದು ಹತ್ತು ಲೀಟರಿನ ಪೇಂಟ್ ಡಬ್ಬಿ, ಮುಚ್ಚಳ ಬಿಗಿ ಇರುವಂಥದ್ದು. ತಳಕ್ಕೆ ಒಂದು ಹಾಸು ದರಕು, ಅಂದರೆ ಉದುರಿದ ಒಣ ಎಲೆ. ಊಟವಾದ ಮೇಲೆ ನೀರು ಬಸಿದ ಎಲೆ, ಮುಸುರೆ ಹಾಕಿ, ಮೇಲೆ ಮತ್ತೊಂದು ಹಿಡಿ ದರಕು. ನಾರುವುದು ನೀರಿನಿಂದ. ದರಕು ಅದನ್ನು ಹೀರಿದರೆ ಮಾರನೆಯ ದಿನದವರೆಗೂ ತೊಂದರೆಯಿಲ್ಲ. ಮುಚ್ಚಳ ತೆರೆದಾಗ ಹುಳಿ ವಾಸನೆ ಹೊಡೆದರೆ ದರಕು ಕಡಿಮೆಯಾಯಿತು ಅಂತ ಅರ್ಥ.

ಒಣ ಕಸಕ್ಕೆ ಬೇರೆ ಚೀಲ. ಸುಡುವುದು ಯಾಕೆ ಬೇಡ ಅಂತ ಭಾವನಿಗೆ ತೋರಿಸಿದ್ದು ತೋಟದ ಮೂಲೆಯ ಹಳೇ ಬೂದಿ ಹೊಂಡದಲ್ಲೇ. ಕೋಲಿನಿಂದ ಕೆದಕಿದರೆ ಚಿಪ್ಸ್ ಪೊಟ್ಟಣಗಳ ಬೆಳ್ಳಿ ಪದರ ಚೂರುಚೂರಾಗಿ ಮೇಲೆ ಬಂತು. ಪ್ಲಾಸ್ಟಿಕ್ ಹೊಗೆಯಾಗಿ ಹೋಗಿತ್ತು. ಅಲ್ಯೂಮಿನಿಯಂ ಹಾಗೇ ಕೂತಿತ್ತು. ಮುಂದಿನ ಮಳೆಗೆ ಅದು ಕಡಲಿಗೆ.

ಇಷ್ಟೆಲ್ಲ ಹೇಳಿ, ಜಂಬದಿಂದಲೇ ದೇವಿಮನೆ ಘಟ್ಟ ಹತ್ತಿ ಮನೆಗೆ ಬಂದೆ. ಪೇಂಟ್ ಡಬ್ಬಿಯನ್ನು ಅಮ್ಮ ಗೊಬ್ಬರಗುಂಡಿಗೆ ಸುರಿದು ತೊಳೆದೂ ಇಟ್ಟಳು. ಒಣ ಚೀಲ ನೋಡಿ, "ಇದೆಲ್ಲ ಯಾರು ತಂದದ್ದು?" ಅಂದಳು. ಅವಳ ಅಡುಗೆಮನೆಯಿಂದ ಹೊರಗೆ ಹೋಗುವ ಕಸವೇ ಇಲ್ಲ. ಅಕ್ಕಚ್ಚು ದನಕ್ಕೆ, ಸಿಪ್ಪೆ ಗುಂಡಿಗೆ, ಪ್ಲಾಸ್ಟಿಕ್ ಕೊಟ್ಟೆ ತೊಳೆದು ಮತ್ತೆ ಬಳಕೆಗೆ.

ಕ್ರೈಸ್ಟ್‌ಚರ್ಚ್‌ನಲ್ಲಿ ನಾನು ಹೊತ್ತು ತಂದ ಚೀಲವನ್ನು ಕೆಂಪು ಮುಚ್ಚಳದ ಬುಟ್ಟಿಗೆ ಹಾಕಿ ರಸ್ತೆ ಬದಿಗೆ ಇಡುತ್ತೇನೆ. ಲಾರಿ ಬಂದು ಒಯ್ದು ಎಲ್ಲೋ ಹೂಳುತ್ತದೆ. ಅದೂ ಹೊಂಡವೇ, ಇನ್ನೂ ದೊಡ್ಡದು ಅಷ್ಟೇ. ಹೊತ್ತು ತರುವುದು ಅಲ್ಲಿ ಸುಲಭ, ಯಾಕೆಂದರೆ ಮನೆ ಬಾಗಿಲಿಗೆ ಬಂದು ಯಾರೋ ಒಯ್ಯುತ್ತಾರೆ. ಭಾವ ವಾಪಸ್ ತಂದರೆ ಅವನ ಜಗಲಿಯಲ್ಲೇ ಕೂರುತ್ತದೆ, ಪಂಚಾಯ್ತಿ ಗಾಡಿ ಬರುವವರೆಗೆ. ಇದನ್ನು ಒಪ್ಪಲು ನನಗೆ ಇಷ್ಟವಿಲ್ಲ, ಆದರೂ ಅವನು ಬೆಂಕಿ ಕಡ್ಡಿ ಹುಡುಕಿದ್ದು ಸುಮ್ನೆ ಸೋಮಾರಿತನಕ್ಕಲ್ಲ.

ಬಾಟಲಿಗಳನ್ನು ಗುಜರಿಯವನು ಒಯ್ದ. ಬೆಳ್ಳಿ ಬಣ್ಣದ ಚಿಪ್ಸ್ ಪೊಟ್ಟಣ ಅವನಿಗೂ ಬೇಡವಂತೆ. ಈಗ ನನ್ನ ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದಿದ್ದೇನೆ. ಮುಂದಿನ ಜನವರಿಗೆ ಹಲಸಿನ ಹಪ್ಪಳ ಸುಟ್ಟು ಡಬ್ಬಿಯಲ್ಲಿ ತುಂಬುವ ಕೆಲಸ ಭಾವನಿಗೆ.