ಮಗು ಮಲಗಿದಾಗ ಬಾಣಂತಿಗೆ ನಿದ್ದೆ ಬರುತ್ತಿದೆಯೇ?

"ಮಗಳಿಗೆ ಹೆರಿಗೆಯಾಗಿ ಐದು ವಾರವಾಯಿತು, ಅವಳು ಇನ್ನೂ ಅಳುತ್ತಾಳೆ, ಬಾಣಂತನದಲ್ಲಿ ಇದು ಸಹಜವಲ್ಲವೇ?"

ಹೆರಿಗೆಯಾದ 2–3ನೇ ದಿನ ಶುರುವಾಗುವ ಬೇಬಿ ಬ್ಲೂಸ್‌ನ ಅಳು, ಸಿಡುಕು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಐದನೇ ವಾರದ ಅಳುವನ್ನು ಆ ಲೆಕ್ಕಕ್ಕೆ ಸೇರಿಸಲಾಗದು. ರಾತ್ರಿ ಮಗುವನ್ನು ನೀವೇ ನೋಡಿಕೊಂಡು ಬಾಣಂತಿಯನ್ನು ಮಲಗಲು ಬಿಟ್ಟಾಗಲೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, 'ನಾನು ಒಳ್ಳೆಯ ತಾಯಿಯಲ್ಲ' ಎಂದು ಪದೇ ಪದೇ ಕೊರಗುತ್ತಿದ್ದರೆ, ಅದು ಹೆರಿಗೆ ನಂತರದ ಖಿನ್ನತೆಯಾಗಿರಬಹುದು; ಬಾಣಂತನದ ಆಯಾಸವೆಂದು ತಳ್ಳಿಹಾಕದೆ ಈ ವಾರವೇ ವೈದ್ಯರಿಗೆ ತೋರಿಸಿ. ಹಾಲುಣಿಸುವುದನ್ನು ನಿಲ್ಲಿಸಬೇಕಾದೀತೆಂಬ ಭಯಕ್ಕೆ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಮುಂದೂಡುತ್ತಾರೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವೂ ಇದೆ. ಸಾಯುವ ಮಾತು, ಮಗುವಿಗೆ ಹಾನಿ ಮಾಡುವ ಯೋಚನೆ ಅಥವಾ ಭ್ರಮೆ ಕಂಡರಂತೂ ಕಾಯಲೇಬೇಡಿ, ಒಂಟಿಯಾಗಿ ಬಿಡದೆ ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.